ಶೇ. 8ರ ಕಾಲಂನಲ್ಲಿ ಏನಿದೆ?

ವಿಮಾ ಏಜೆಂಟರು ಕೊಡುವ ‘ಬೆನಿಫಿಟ್ ಇಲ್ಲಸ್ಟ್ರೇಷನ್’ ಹಾಳೆಯಲ್ಲಿ ಶೇ. 4 ಮತ್ತು ಶೇ. 8 ಎಂಬ ಎರಡು ಕಾಲಂಗಳಿರುತ್ತವೆ. ಇವು ನಿಮಗೆ ಸಿಗುವ ಬಡ್ಡಿಯಲ್ಲ. ಕಂಪನಿಯ ಹೂಡಿಕೆ ಇಷ್ಟು ಗಳಿಸಿದರೆ ಎಂಬ ಊಹೆ ಮಾತ್ರ. ಖರ್ಚು, ಕಮಿಷನ್, ವಿಮೆಯ ವೆಚ್ಚ ಕಳೆದ ಮೇಲೆ ಉಳಿದದ್ದು ಬೋನಸ್.

ಒಂದು ಕಲ್ಪಿತ ಪಾಲಿಸಿ ನೋಡೋಣ. ವಿಮಾ ಮೊತ್ತ 5 ಲಕ್ಷ, ಅವಧಿ 20 ವರ್ಷ. ಪ್ರೀಮಿಯಂ ಕಟ್ಟುವುದು ಮಾತ್ರ ಮೊದಲ 10 ವರ್ಷ, ವರ್ಷಕ್ಕೆ 50,000 ರೂಪಾಯಿ. ಶೇ. 8ರ ಕಾಲಂ ವರ್ಷಕ್ಕೆ 20,000 ಬೋನಸ್ ತೋರಿಸಿದರೆ, ಕೊನೆಗೆ 9 ಲಕ್ಷ ಬರುತ್ತದೆ. ಕಟ್ಟಿದ್ದು 5 ಲಕ್ಷ, ಲಾಭ ಭರ್ಜರಿ ಅನ್ನಿಸಬಹುದು. ಆದರೆ ಕಟ್ಟುವುದು ನಿಂತ ಮೇಲೂ ದುಡ್ಡು ಹತ್ತು ವರ್ಷ ಅಲ್ಲೇ ಕೂತಿರುತ್ತದೆ. ಹಾಗಾಗಿ ವಾರ್ಷಿಕ ಗಳಿಕೆ ಶೇ. 4ಕ್ಕೂ ಸ್ವಲ್ಪ ಕಡಿಮೆ! ಈ ಬೋನಸ್ ಸಾಮಾನ್ಯವಾಗಿ ವಿಮಾ ಮೊತ್ತದ ಮೇಲಷ್ಟೇ ಲೆಕ್ಕ. ಬೋನಸ್ ಮೇಲೆ ಬೋನಸ್ ಹುಟ್ಟುವುದಿಲ್ಲ.

ನಾಲ್ಕು ಕಂತು ಕಟ್ಟಿ ಬಿಟ್ಟರೆ? ಖಾತರಿ ಸರೆಂಡರ್ ಮೌಲ್ಯ ಕಟ್ಟಿದ್ದರ ಅರ್ಧದಷ್ಟು ಎಂದಿದ್ದರೆ, 2 ಲಕ್ಷಕ್ಕೆ 1 ಲಕ್ಷ. ಪಕ್ಕದಲ್ಲಿ ‘ಸ್ಪೆಷಲ್ ಸರೆಂಡರ್ ವ್ಯಾಲ್ಯೂ’ ಎಂಬ ಇನ್ನೊಂದು ಅಂಕಿ ಇರುತ್ತದೆ. ಎರಡರಲ್ಲಿ ಹೆಚ್ಚಿನದನ್ನು ಕೊಡಬೇಕು. ಸೇರಿದ ಬೋನಸ್ ಮಾತ್ರ ಪೂರ್ತಿ ಕೈಗೆ ಬರದು, ಕಂಪನಿ ಅದರ ಇಂದಿನ ಬೆಲೆಯನ್ನಷ್ಟೇ ಕೊಡುತ್ತದೆ. ಹಾಳೆಗೆ ಸಹಿ ಹಾಕುವ ಮುನ್ನ ಐದನೇ ವರ್ಷದ ಸಾಲಿನಲ್ಲಿ ಬೆರಳಿಟ್ಟು ಓದಿ.