ಲಿಂಕನ್ನು ಬಲಗಡೆಯಿಂದ ಓದಿ

‘ಪ್ರಿಯ ಗ್ರಾಹಕರೇ, ನಿಮ್ಮ ಎಸ್‌ಬಿಐ ಖಾತೆ ಇಂದು ರಾತ್ರಿ ಸ್ಥಗಿತಗೊಳ್ಳಲಿದೆ. ಕೂಡಲೇ ಕೆವೈಸಿ ಅಪ್‌ಡೇಟ್ ಮಾಡಿ.’ ಕೆಳಗೊಂದು ಲಿಂಕ್. ಪಿಂಚಣಿ ಹಣ ಆ ಖಾತೆಯಲ್ಲೇ ಇದ್ದವರಿಗೆ ಎದೆ ಧಸಕ್ಕೆನ್ನುವುದು ಸಹಜ. ವಂಚಕರಿಗೆ ಬೇಕಾದದ್ದೂ ಆ ಗಾಬರಿಯೇ.

ಮೊದಲು ‘ಇಂದು ರಾತ್ರಿ’ ಎಂಬ ಮಾತನ್ನೇ ನೋಡಿ. ಕೆವೈಸಿ ನವೀಕರಣದ ಗಡುವಿಗೆ ಮುಂಚೆ ಬ್ಯಾಂಕು ಕನಿಷ್ಠ ಮೂರು ಬಾರಿ ತಿಳಿಸಬೇಕು, ಅದರಲ್ಲಿ ಒಂದಾದರೂ ಪತ್ರದ ಮೂಲಕ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2025ರಲ್ಲಿ ನಿಯಮ ಮಾಡಿದೆ. ಹಿಂದೆ ಯಾವ ಸೂಚನೆಯೂ ಬಾರದೆ ಇದ್ದಕ್ಕಿದ್ದಂತೆ ಇಂಥ ಗಡುವು ಬಂದರೆ ನಂಬಬೇಡಿ.

ನಿಜವಾದ ಗುಟ್ಟು ಇರುವುದು ಲಿಂಕಿನಲ್ಲಿ. ಇಲ್ಲೊಂದು ಮಾದರಿ ವಿಳಾಸ ಕಟ್ಟಿಕೊಟ್ಟಿದ್ದೇನೆ:

```
https://sbi.bank.in.kyc-update.example/login
```

ಎಡಗಡೆಯಿಂದ ಓದಿದರೆ `sbi.bank.in` ಕಣ್ಣಿಗೆ ಬೀಳುತ್ತದೆ, ನಂಬಿಕೆ ಬರುತ್ತದೆ. ಆದರೆ ವಿಳಾಸದ ಒಡೆಯ ಯಾರೆಂದು ತಿಳಿಯುವುದು ಬಲಗಡೆಯಲ್ಲಿ. `https://` ಬಿಟ್ಟು, ಅದಾದ ಮೇಲೆ ಬರುವ ಮೊದಲ ಓರೆಗೆರೆಯನ್ನು ಹುಡುಕಿ, ಅಲ್ಲಿಂದ ಹಿಂದಕ್ಕೆ ಓದಿ. ಇಲ್ಲಿ ಸಿಗುವುದು `kyc-update.example`. ಆ ಹೆಸರನ್ನು ಕೊಂಡವನು ಅದರ ಎಡಕ್ಕೆ ಯಾವ ಬ್ಯಾಂಕಿನ ಹೆಸರನ್ನಾದರೂ ಅಂಟಿಸಬಹುದು, ತಡೆಯುವವರಿಲ್ಲ. ಬೀಗದ ಚಿಹ್ನೆ ಕಂಡರೂ ನೆಚ್ಚಬೇಡಿ. ನಡುವೆ ಯಾರೂ ಕದ್ದು ಓದುತ್ತಿಲ್ಲ ಎಂದಷ್ಟೇ ಅದರ ಅರ್ಥ, ಆಚೆ ಬದಿಯಲ್ಲಿ ಇರುವವನೇ ಕಳ್ಳನಾಗಿದ್ದರೆ ಅದರಿಂದ ಏನು ಪ್ರಯೋಜನ?

ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ `.bank.in` ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಈ ಹೆಸರು ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ಹಾಗಾಗಿ ವಿಳಾಸ `.bank.in` ಎಂದೇ ಮುಗಿಯಬೇಕು. `sbi-bank.in` ಎಂದು ನಡುವೆ ಅಡ್ಡಗೆರೆ ಬಂದರೆ ಅದು ಬೇರೆಯೇ ವಿಳಾಸ, ಯಾರು ಬೇಕಾದರೂ ಕೊಳ್ಳಬಹುದಾದದ್ದು. ಮೊಟಕುಗೊಳಿಸಿದ ಲಿಂಕಾಗಿದ್ದರೆ ಓದಿ ತಿಳಿಯಲು ಏನೂ ಉಳಿದಿರುವುದಿಲ್ಲ, ಒತ್ತಲೇಬೇಡಿ.

ಕಳಿಸಿದವರ ಹೆಸರನ್ನೂ ನೋಡಿ. ಬ್ಯಾಂಕಿನ ಎಸ್ಎಂಎಸ್ ಹತ್ತಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ, ನೋಂದಾಯಿತ ಅಕ್ಷರಗಳ ಹೆಸರಿನಿಂದ ಬರುತ್ತದೆ. ಆದರೆ ಆ ಹೆಸರನ್ನೂ ನಕಲು ಮಾಡುವ ಉಪಕರಣಗಳಿವೆ. ಹೆಸರು ಸರಿಯಿದೆ ಎಂದ ಮಾತ್ರಕ್ಕೆ ಲಿಂಕ್ ಒತ್ತುವುದು ಬೇಡ. ಅನುಮಾನವಿದ್ದರೆ ಬ್ಯಾಂಕಿನ ಆ್ಯಪನ್ನು ನೀವೇ ತೆರೆಯಿರಿ, ಇಲ್ಲವೇ ಡೆಬಿಟ್ ಕಾರ್ಡಿನ ಹಿಂಬದಿಯ ನಂಬರಿಗೆ ಫೋನ್ ಮಾಡಿ ಕೇಳಿ. ಮೆಸೇಜಿನಲ್ಲೇ ಕೊಟ್ಟಿರುವ ನಂಬರಿಗಲ್ಲ.

ಪಾಸ್‌ವರ್ಡೋ ಒಟಿಪಿಯೋ ಈಗಾಗಲೇ ಕೊಟ್ಟುಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ. ತಕ್ಷಣ ಬ್ಯಾಂಕಿಗೂ 1930ಕ್ಕೂ ಕರೆ ಮಾಡಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಗ್ರಾಹಕರೇ ಗುಟ್ಟು ಬಿಟ್ಟುಕೊಟ್ಟಿದ್ದರೂ ಬ್ಯಾಂಕಿಗೆ ತಿಳಿಸಿದ ಮೇಲೆ ಹೋಗುವ ಹಣದ ಹೊಣೆ ಬ್ಯಾಂಕಿನದು.