ಬಾಗಿಲು ಸರಿಯಲು ಗೋಡೆ ಬೇಕು

ಬೆಂಗಳೂರಿನ 20ಕ್ಕೆ 30 ಅಡಿಯ ಸೈಟಿನಲ್ಲಿ ಕಟ್ಟಿದ ಮನೆಯಲ್ಲಿ ಮಲಗುವ ಕೋಣೆಗೆ ಅಂಟಿಕೊಂಡ ಬಾತ್‌ರೂಮ್‌ ಹೆಚ್ಚಾಗಿ 4 ಅಡಿ ಅಗಲ, ಆರೂವರೆ ಅಡಿ ಉದ್ದ ಇರುತ್ತದೆ. ಒಟ್ಟು 26 ಚದರ ಅಡಿ. ಅದರ ಬಾಗಿಲು 27 ಇಂಚು ಅಗಲವಿದ್ದು ಒಳಗೆ ತೆರೆದುಕೊಂಡರೆ ಅದು ಬೀಸುವ ಕಾಲು ವೃತ್ತಕ್ಕೇ ಸುಮಾರು 4 ಚದರ ಅಡಿ ಹೋಗುತ್ತದೆ. ಆ ಜಾಗದಲ್ಲಿ ಬಕೆಟ್ ಇಡುವಂತಿಲ್ಲ, ವಾಷ್ ಬೇಸಿನ್ ಕೂರಿಸುವಂತಿಲ್ಲ. ಒಳಗೆ ಹೋದವರು ಕಮೋಡಿನ ಪಕ್ಕಕ್ಕೆ ಒತ್ತಿ ನಿಂತರೆ ಮಾತ್ರ ಬಾಗಿಲು ಮುಚ್ಚುತ್ತದೆ. ಹೊರಗೆ ತೆರೆಯುವಂತೆ ತಿರುಗಿಸಿದರೆ ಅದು ವಾರ್ಡ್‌ರೋಬಿಗೋ ಮಂಚದ ಕಾಲಿಗೋ ಬಡಿಯುತ್ತದೆ. ಸ್ಲೈಡಿಂಗ್ ಬಾಗಿಲಿನ ಯೋಚನೆ ಬರುವುದು ಆಗಲೇ.

ಹಾಗೆ ಯೋಚನೆ ಬಂದವರು ಮೊದಲು ಹಾರ್ಡ್‌ವೇರ್ ಅಂಗಡಿಗೆ ಹೋಗುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಗೋಡೆಯನ್ನು. ಕೀಲಿನ ಬಾಗಿಲು ನೆಲದ ಜಾಗ ಕೇಳುತ್ತದೆ, ಸರಿಯುವ ಬಾಗಿಲು ಪಕ್ಕದ ಗೋಡೆಯನ್ನು ಕೇಳುತ್ತದೆ. ಆ ಗೋಡೆ ಎಷ್ಟು ಉದ್ದವಿದೆ, ಅದರೊಳಗೆ ಏನು ಹುದುಗಿದೆ, ಅದು ಯಾವ ಇಟ್ಟಿಗೆಯದ್ದು ಎಂಬುದು ಗೊತ್ತಾದ ಮೇಲೆ ಯಾವ ಟ್ರ್ಯಾಕು ಎಂಬ ಪ್ರಶ್ನೆ ಅರ್ಧ ಬಗೆಹರಿದಂತೆ.

ಇರುವ ದಾರಿ ಎರಡು. ಬಾಗಿಲು ಗೋಡೆಯ ಹೊಟ್ಟೆಯೊಳಕ್ಕೆ ಸರಿದು ಮರೆಯಾದರೆ ಅದು ಪಾಕೆಟ್ ಡೋರ್. ಗೋಡೆಯ ಮೇಲ್ಮೈಗೆ ಸಮವಾಗಿ ಹೊರಗೇ ಸರಿದರೆ ಸಾದಾ ಸ್ಲೈಡಿಂಗ್ ಡೋರ್. ನೋಡಲು ಅಂದವಾದ್ದು ಮೊದಲನೆಯದು. ಆದರೆ ಅದಕ್ಕೆ ಬಾಗಿಲಿನ ಅಗಲದ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು ಉದ್ದದ ಗೋಡೆ ಬೇಕು. 27 ಇಂಚಿನ ಬಾಗಿಲಿಗೆ ಚೌಕಟ್ಟೂ ಸೇರಿ 5 ಅಡಿಯ ಹತ್ತಿರ. ಬಾಗಿಲು ಇರುವುದು ಬಾತ್‌ರೂಮಿನ ಆರೂವರೆ ಅಡಿಯ ಉದ್ದದ ಗೋಡೆಯಲ್ಲಾದರೆ ಇದು ಸಾಧ್ಯ. 4 ಅಡಿಯ ಗಿಡ್ಡ ಗೋಡೆಯಲ್ಲಾದರೆ, ಬಾಗಿಲು ಒಳಸರಿಯುವ ದಾರಿಗೆ ಬಾತ್‌ರೂಮಿನ ಅಡ್ಡಗೋಡೆ ಬಂದು ಸೇರುತ್ತದೆ. ಅದನ್ನು ಕೊರೆಯುವ ಮಾತೇ ಇಲ್ಲ.

ಉದ್ದ ಸಿಕ್ಕಿತೆನ್ನಿ, ಆಗ ದಪ್ಪದ ಲೆಕ್ಕ. 30 ಮಿಲಿಮೀಟರ್ ದಪ್ಪದ ಬಾಗಿಲು ಎರಡೂ ಬದಿಗೆ 10 ಮಿಲಿಮೀಟರ್ ಬಿಟ್ಟುಕೊಂಡು ಓಡಾಡಲು 50 ಮಿಲಿಮೀಟರ್ ಟೊಳ್ಳು ಬೇಕು. ಅದರ ಎರಡು ಕಡೆಗೂ ಒಂದೊಂದು ಇಂಚಿನ ಕಬ್ಬಿಣದ ಚೌಕ ಪೈಪಿನ ಫ್ರೇಮು, ಅದರ ಮೇಲೆ 8 ಮಿಲಿಮೀಟರಿನ ಸಿಮೆಂಟ್ ಬೋರ್ಡು, ಬಾತ್‌ರೂಮ್‌ ಕಡೆ ಅದರ ಮೇಲೆ ಟೈಲು. ಎಲ್ಲ ಕೂಡಿದರೆ 130 ಮಿಲಿಮೀಟರ್ ಆಸುಪಾಸು. ಎರಡೂ ಕಡೆ ಗಾರೆಯಾದ 4 ಇಂಚಿನ ಬ್ಲಾಕ್ ಗೋಡೆಯ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಹಳೆಯ ಗೋಡೆಯನ್ನು ಆ ಭಾಗದಲ್ಲಿ ಪೂರ್ತಿ ಒಡೆದು, ಅದೇ ದಪ್ಪದಲ್ಲಿ ಟೊಳ್ಳು ಗೋಡೆ ಕಟ್ಟಬಹುದು. ಆದರೆ ಅದು ಬರೀ ಮರೆಗೋಡೆಯಾಗಿರಬೇಕು. ಪಿಲ್ಲರ್ ಇಲ್ಲದೆ ಗೋಡೆಗಳೇ ತಾರಸಿ ಹೊತ್ತಿರುವ ಹಳೆಯ ಮನೆಗಳಲ್ಲಿ ಎಂಜಿನಿಯರ್ ನೋಡಿ ಹೇಳುವ ಮುನ್ನ ಒಂದು ಇಟ್ಟಿಗೆಯನ್ನೂ ಕೀಳಬಾರದು.

ಇಷ್ಟೆಲ್ಲ ಆದ ಮೇಲೂ ಆ ಗೋಡೆಗೆ ಕೆಲವು ಕೆಲಸ ಒಲ್ಲದು. ನೀರಿನ ಪೈಪು, ವೈರಿನ ಕಾಂಡ್ಯುಯಿಟ್ಟು, ಸ್ವಿಚ್ ಬಾಕ್ಸು ಅದರೊಳಗೆ ಇರುವಂತಿಲ್ಲ. ಗೀಸರ್ ತೂಗುಹಾಕುವಂತಿಲ್ಲ. ಟವೆಲ್ ರಾಡಿಗೆಂದು ಯಾರೋ ಉದ್ದನೆಯ ಸ್ಕ್ರೂ ಹೊಡೆದರೆ ಅದರ ತುದಿ ಒಳಗಿನ ಬಾಗಿಲನ್ನು ಗೀರುತ್ತದೆ, ಇಲ್ಲವೇ ಅಲ್ಲೇ ಸಿಕ್ಕಿಸಿ ನಿಲ್ಲಿಸುತ್ತದೆ. ಇನ್ನೊಂದು ತೊಂದರೆ ನಮ್ಮ ಸ್ನಾನದ ರೀತಿಯದು. ನಾವು ಬಕೆಟ್ಟಿನಿಂದ ಮೊಗೆದು ಹುಯ್ದುಕೊಳ್ಳುವವರು, ಇಷ್ಟು ಚಿಕ್ಕ ಕೋಣೆಯಲ್ಲಿ ಬಾಗಿಲೂ ಸ್ನಾನ ಮಾಡುತ್ತದೆ. ಒದ್ದೆ ಬಾಗಿಲು ಗಾಳಿಯಾಡದ ಟೊಳ್ಳಿನೊಳಗೆ ಹೋಗಿ ನಿಂತರೆ ಬೂಷ್ಟು ಹಿಡಿಯುತ್ತದೆ, ಮರದ್ದಾದರೆ ಉಬ್ಬಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಪಾಕೆಟ್ಟಿಗೆ ಡಬ್ಲ್ಯುಪಿಸಿ ಅಥವಾ ಪಿವಿಸಿ ಬಾಗಿಲೇ ಆಗಬೇಕು, ನಲ್ಲಿ ಮತ್ತು ಶವರ್ ಎದುರು ಗೋಡೆಗೆ ಹೋಗಬೇಕು. ಮನೆ ಹೊಸದಾಗಿ ಕಟ್ಟುವಾಗ ಇದನ್ನೆಲ್ಲ ನಕ್ಷೆಯಲ್ಲೇ ಹೊಂದಿಸಬಹುದು. ಇರುವ ಮನೆಯಲ್ಲಿ ನಾನು ಎರಡನೆಯ ದಾರಿಯನ್ನೇ ಹೇಳುತ್ತೇನೆ.

ನಮ್ಮ ಉದಾಹರಣೆಯ ಬಾತ್‌ರೂಮನ್ನೇ ತೆಗೆದುಕೊಳ್ಳಿ. ಬಾಗಿಲು ಗಿಡ್ಡ ಗೋಡೆಯಲ್ಲಿದೆ, ಆದರೆ ಮಲಗುವ ಕೋಣೆಯ ಕಡೆ ಆ ಗೋಡೆ 10 ಅಡಿ ಉದ್ದಕ್ಕೂ ಸಪಾಟಾಗಿ ಓಡುತ್ತದೆ. ಬಾಗಿಲನ್ನು ಆ ಕಡೆ ಟ್ರ್ಯಾಕಿಗೆ ತೂಗುಹಾಕಬಹುದು. ತೆರವು 27 ಇಂಚಾದರೆ ಬಾಗಿಲು 31 ಇಂಚು ಇರಲಿ, ಎರಡು ಬದಿಯಲ್ಲೂ ಎರಡೆರಡು ಇಂಚು ಗೋಡೆಯ ಮೇಲೆ ಹೊದ್ದುಕೊಳ್ಳಲಿ. ಇಲ್ಲವಾದರೆ ಒಳಗಿನ ಬೆಳಕೂ ಕಣ್ಣೂ ಸಂದಿನಲ್ಲಿ ಹೊರಬರುತ್ತವೆ. ಟ್ರ್ಯಾಕು ಬಾಗಿಲಿನ ಎರಡರಷ್ಟು, ಅಂದರೆ 62 ಇಂಚು. 82 ಇಂಚು ಎತ್ತರ, 30 ಮಿಲಿಮೀಟರ್ ದಪ್ಪದ ಡಬ್ಲ್ಯುಪಿಸಿ ಬಾಗಿಲಿನ ತೂಕ ಸುಮಾರು 30 ಕಿಲೋ. ಇದಕ್ಕೆ 60 ಕಿಲೋ ಹೊರುವ ಸೆಟ್ಟು ತಂದರೆ ರೋಲರುಗಳಿಗೆ ಒತ್ತಡವಿಲ್ಲ. ರೋಲರು ನೈಲಾನ್ ಚಕ್ರದ್ದಾಗಿ ಒಳಗೆ ಬೇರಿಂಗ್ ಇರಬೇಕು, ಟ್ರ್ಯಾಕು ಅಲ್ಯುಮಿನಿಯಂನದ್ದಾಗಿರಬೇಕು. ಬಣ್ಣ ಬಳಿದ ತಗಡಿನ ಟ್ರ್ಯಾಕು ಬಾತ್‌ರೂಮಿನ ಹಬೆಗೆ ತುಕ್ಕು ಹಿಡಿಯುತ್ತದೆ. ಕೆಳಗೆ ಚಕ್ರವಿದ್ದು ನೆಲದ ಕಂಬಿಯ ಮೇಲೆ ಓಡುವ ಬಗೆಯಂತೂ ಇಲ್ಲಿ ಬೇಡವೇ ಬೇಡ, ಆ ಕಂಬಿಯ ಸಂದಿಗೆ ಕೂದಲು, ಸೋಪಿನ ಜಿಗುಟು ತುಂಬಿಕೊಳ್ಳುತ್ತದೆ.

ಟ್ರ್ಯಾಕನ್ನು ಗೋಡೆಗೆ ಕಚ್ಚಿಸುವುದೇ ಇಡೀ ಕೆಲಸದ ಪ್ರಾಣ. ಬಾಗಿಲು ಮುಚ್ಚಿರುವಾಗ ಅದರ ತೂಕ ತೆರವಿನ ಮೇಲಿನ ಕಾಂಕ್ರೀಟ್ ಲಿಂಟಲ್ ಮೇಲೆ ಬೀಳುತ್ತದೆ, ಅದು ಗಟ್ಟಿ. ತೆರೆದಾಗ ಅದೇ 30 ಕಿಲೋ ಪಕ್ಕಕ್ಕೆ ಸರಿದು, ಲಿಂಟಲ್ ಮುಗಿದ ಮೇಲಿನ ಬರೀ ಬ್ಲಾಕ್ ಗೋಡೆಗೆ ಜೋತುಬೀಳುತ್ತದೆ. ಟೊಳ್ಳು ಬ್ಲಾಕಿಗೆ ಪ್ಲಾಸ್ಟಿಕ್ ಗಟ್ಟಾ ಹೊಡೆದು ಸ್ಕ್ರೂ ಬಿಗಿದರೆ ಕೆಲವು ತಿಂಗಳಲ್ಲಿ ಅದು ಸಡಿಲವಾಗುತ್ತದೆ, ಟ್ರ್ಯಾಕಿನ ಆ ತುದಿ ಇಳಿಯುತ್ತದೆ. ಹಾಗಾಗಿ ಮೊದಲು ಇಡೀ 62 ಇಂಚಿಗೂ ಒಂದೇ ತುಂಡಿನ ಗಟ್ಟಿ ಮರದ ಪಟ್ಟಿಯನ್ನು ಅಡಿಗೊಂದರಂತೆ ಉದ್ದ ಆಂಕರ್ ಹಾಕಿ ಗೋಡೆಗೆ ಬಿಗಿದು, ಅದರ ಮೇಲೆ ಟ್ರ್ಯಾಕು ಕೂರಿಸುವುದು ಒಳ್ಳೆಯದು. ಈ ಪಟ್ಟಿ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ನೆಲದ ಸ್ಕರ್ಟಿಂಗ್ ಟೈಲು, ಹಳೆಯ ಚೌಕಟ್ಟು ಗೋಡೆಯಿಂದ ಮುಂದೆ ಚಾಚಿರುತ್ತವಲ್ಲ, ಬಾಗಿಲು ಅವಕ್ಕೆ ತಾಗದಷ್ಟು ಈಚೆಗೆ ಬರುತ್ತದೆ. ಎಲ್ಲಕ್ಕಿಂತ ಮುಂದೆ ಚಾಚಿರುವುದು ಯಾವುದೆಂದು ಅಳೆದು, ಅದಕ್ಕೆ 5 ಮಿಲಿಮೀಟರ್ ಸೇರಿಸಿ ಪಟ್ಟಿಯ ದಪ್ಪ ಗೊತ್ತುಮಾಡಬೇಕು.

ಪಟ್ಟಿ ಬಿಗಿಯುವಾಗ ರಸಮಟ್ಟವನ್ನು ಒಂದು ಕಡೆ ಇಟ್ಟು ನೋಡಿದರೆ ಸಾಲದು, ಉದ್ದಕ್ಕೂ ಸರಿಸುತ್ತ ನೋಡಬೇಕು. ಕೆಲಸ ಮುಗಿದ ಮೇಲೆ ಪರೀಕ್ಷೆ ಸುಲಭ. ಬಾಗಿಲನ್ನು ನಡುವೆ ತಂದು ಕೈ ಬಿಡಿ. ಅದು ತಾನೇ ಒಂದು ಕಡೆಗೆ ಹೊರಟರೆ ಟ್ರ್ಯಾಕು ಆ ಕಡೆ ಇಳಿದಿದೆ ಎಂದರ್ಥ. ರೋಲರಿನ ಬೋಲ್ಟು ತಿರುಗಿಸಿ ಇದನ್ನು ಸರಿಮಾಡಲಾಗದು. ಆ ಬೋಲ್ಟಿರುವುದು ಬಾಗಿಲನ್ನು ನೆಟ್ಟಗೆ ನಿಲ್ಲಿಸಲು, ಕೆಳಗಿನ ಸಂದು ಎರಡು ಮೂಲೆಯಲ್ಲೂ ಒಂದೇ ಸಮ ಬರಲು. ಬಾಗಿಲನ್ನು ಮೆಲ್ಲಗೆ ಮೇಲಕ್ಕೆತ್ತಿಯೂ ನೋಡಿ. ರೋಲರು ಟ್ರ್ಯಾಕಿನಿಂದ ಏಳುವಂತಿದ್ದರೆ ಜಿಗಿತ ತಡೆಯುವ ಕ್ಲಿಪ್ಪು ಹಾಕಿಲ್ಲ ಅಥವಾ ಬಿಗಿದಿಲ್ಲ.

ಕೆಳಗೆ ಬೇಕಾದ್ದು ಒಂದು ಚಿಕ್ಕ ಗೈಡ್ ಮಾತ್ರ. ಬಾಗಿಲಿನ ತಳದಲ್ಲಿ ಕೊರೆದ ಗಾಡಿಯೊಳಗೆ ಅದು ಕೂತು, ಬಾಗಿಲು ಗಾಳಿಗೆ ತೂಗಾಡದಂತೆ ಹಿಡಿಯುತ್ತದೆ. ತೆರವಿನ ಅಂಚಿಗೆ, ಬಾಗಿಲು ಸರಿಯುವ ಬದಿಯಲ್ಲಿ ಹಾಕಿದರೆ ಕಾಲಿಗೆ ಸಿಗುವುದಿಲ್ಲ. ನೆಲದಿಂದ 8 ಮಿಲಿಮೀಟರ್ ಸಂದು ಸಾಕು. ಇಲ್ಲಿ ಒಂದು ವಿಷಯವನ್ನು ಬಹಳ ಜನ ಮುಂಚೆ ಯೋಚಿಸುವುದಿಲ್ಲ. ಬಾಗಿಲು ಈಗ ಹೊಸ್ತಿಲಿನ ಆಚೆಗಿದೆ. ಒಳಮೈಗೆ ಎರಚಿದ ನೀರು ಹರಿದು ಬಂದರೆ ಅದು ತೊಟ್ಟಿಕ್ಕುವುದು ಮಲಗುವ ಕೋಣೆಯ ನೆಲಕ್ಕೆ. ಬಾಗಿಲಿನ ಒಳಮೈಯಲ್ಲಿ, ಹೊಸ್ತಿಲಿಗಿಂತ ತುಸು ಮೇಲೆ, ನೀರನ್ನು ಒಳಕ್ಕೆ ತಿರುಗಿಸುವ ತೆಳು ಪಟ್ಟಿಯನ್ನು ಅಂಟಿಸಬಹುದು, ಅದು ಚೌಕಟ್ಟಿಗೆ ತಾಗದಷ್ಟು ಸಣ್ಣದಿರಬೇಕು. ಅದಕ್ಕಿಂತ ಖಾತ್ರಿಯಾದ ಉಪಾಯ ಸ್ನಾನದ ಜಾಗಕ್ಕೆ ಒಂದು ಪರದೆ ಕಟ್ಟುವುದು.

ಹೊರಗಿನ ಸ್ವಿಚ್‌ಬೋರ್ಡನ್ನೂ ಮರೆಯಬಾರದು. ನಮ್ಮ ಮನೆಗಳಲ್ಲಿ ಬಾತ್‌ರೂಮಿನ ದೀಪ, ಗೀಸರಿನ ಸ್ವಿಚ್ಚು ಬಾಗಿಲಿನ ಪಕ್ಕದಲ್ಲೇ ಹೊರಗಿರುತ್ತವೆ. ಬಾಗಿಲು ಆ ಕಡೆ ಸರಿದರೆ ಸ್ವಿಚ್ಚು ಅದರ ಹಿಂದೆ ಹೂತುಹೋಗುತ್ತದೆ. ಅದನ್ನು ಇನ್ನೊಂದು ಪಕ್ಕಕ್ಕೆ ಕೊಂಡೊಯ್ಯುವ ಕೆಲಸ ಟ್ರ್ಯಾಕಿಗಿಂತ ಮೊದಲು ಆಗಬೇಕು.

ಇನ್ನು ಚಿಲಕ. ಕೀಲಿನ ಬಾಗಿಲಿನ ಬೋಲ್ಟು ಇಲ್ಲಿ ಹೊಂದುವುದಿಲ್ಲ, ಸರಿಯುವ ಬಾಗಿಲಿಗೆ ಕೊಕ್ಕೆಯಂತೆ ಬಾಗಿ ಹಿಡಿಯುವ ಹುಕ್ ಲಾಕ್ ಬೇಕು. ಕೊಳ್ಳುವಾಗ ಅದರ ಹೊರಮೈಯಲ್ಲಿ ನಾಣ್ಯ ಹಾಕಿ ತಿರುಗಿಸುವ ಗೀರು ಇದೆಯೇ ಎಂದು ನೋಡಿ. ವಯಸ್ಸಾದವರು ಒಳಗೆ ಜಾರಿಬಿದ್ದಾಗ, ಒಳಕ್ಕೆ ತೆರೆಯುವ ಬಾಗಿಲಾದರೆ ಬಿದ್ದವರ ಮೈಯೇ ಅದಕ್ಕೆ ಅಡ್ಡವಾಗುತ್ತದೆ, ಹೊರಗಿನವರು ನೂಕಿದಷ್ಟೂ ಅಪಾಯ. ಸ್ಲೈಡಿಂಗ್ ಬಾಗಿಲಿಗೆ ಈ ಗೀರು ಒಂದಿದ್ದರೆ ನಾಣ್ಯ ತಿರುಗಿಸಿ ಪಕ್ಕಕ್ಕೆ ಸರಿಸಿದರಾಯಿತು. ಹೆಚ್ಚು ಜಾಗಕ್ಕಿಂತ ಈ ಕಾರಣಕ್ಕೇ ಅಜ್ಜ ಅಜ್ಜಿ ಇರುವ ಮನೆಗೆ ನಾನು ಇದನ್ನು ಹೇಳುವುದು. ಒಳಗಿನ ಹಿಡಿ ಬಾಗಿಲಿನ ಮೈಯೊಳಗೆ ಇಳಿದು ಕೂತಿರಬೇಕು, ಚಾಚಿದ ಹಿಡಿಯಾದರೆ ಚೌಕಟ್ಟಿಗೆ ಬಡಿದು ಬಾಗಿಲು ಪೂರ್ತಿ ತೆರೆಯುವುದಿಲ್ಲ.

ಈ ಬಾಗಿಲು ಕೊಡದಿರುವುದೂ ಇದೆ. ಚೌಕಟ್ಟಿಗೆ ಒತ್ತಿ ಕೂರುವ ಬಾಗಿಲಿನಂತೆ ಇದು ಸದ್ದನ್ನಾಗಲಿ ವಾಸನೆಯನ್ನಾಗಲಿ ತಡೆಯದು. ಅಂಚಿಗೆ ಬ್ರಷ್ ಪಟ್ಟಿ ಹಾಕಿದರೆ ಅಲ್ಪಸ್ವಲ್ಪ ಕಡಿಮೆಯಾಗುತ್ತದೆ. ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ ಸಂದುಗಳಿಂದ ಗಾಳಿ ಒಳಕ್ಕೇ ಹರಿಯುವುದರಿಂದ ವಾಸನೆ ಹೊರಬರುವುದು ತಗ್ಗುತ್ತದೆ, ಸದ್ದಿಗೆ ಮಾತ್ರ ಮದ್ದಿಲ್ಲ.

ರೋಲರು ಸವೆಯುವ ವಸ್ತು. ಮೇಲ್ಮೈಯ ಟ್ರ್ಯಾಕಾದರೆ ಮುಂದಿನ ಮುಚ್ಚುಪಟ್ಟಿ ಬಿಚ್ಚಿ ಸ್ವಲ್ಪ ಹೊತ್ತಿನಲ್ಲಿ ಬದಲಿಸಬಹುದು. ಪಾಕೆಟ್ ಮಾಡಿಸುವವರು ತೆರವಿನ ಒಂದು ಬದಿಯ ಚೌಕಟ್ಟಿನ ಪಟ್ಟಿಯನ್ನು ಮೊಳೆ ಹೊಡೆಯಿಸದೆ ಸ್ಕ್ರೂನಲ್ಲೇ ಕೂರಿಸಬೇಕು, ಅದನ್ನು ಬಿಚ್ಚಿದರೆ ಬಾಗಿಲು ಹೊರಬರುವಂತಿರಬೇಕು. ಸಿಮೆಂಟ್ ಬೋರ್ಡು ಮುಚ್ಚುವ ಮೊದಲು ಒಂದು ವಾರ ಬಾಗಿಲನ್ನು ಹಾಗೇ ಓಡಿಸಿ ನೋಡಿದರೆ ಇನ್ನೂ ಒಳ್ಳೆಯದು, ಆಮೇಲೆ ಸಿಗುವ ತಪ್ಪಿಗೆ ಟೈಲು ಒಡೆಯಬೇಕಾಗುತ್ತದೆ. ಒಂದು ಕಂಪನಿಯ ರೋಲರು ಇನ್ನೊಂದರ ಟ್ರ್ಯಾಕಿಗೆ ಸಾಮಾನ್ಯವಾಗಿ ಕೂರುವುದಿಲ್ಲ. ಕೊಂಡ ದಿನವೇ ಒಂದು ಜೊತೆ ರೋಲರು ಹೆಚ್ಚಿಗೆ ತಂದು, ಮಾಡೆಲ್ ಸಂಖ್ಯೆಯಿರುವ ಬಿಲ್ಲಿನ ಜೊತೆ ಎತ್ತಿಡಿ.