ಹಳೆಯ ನೆಗೆಟಿವುಗಳ ಸ್ಕ್ಯಾನಿಂಗ್: ಬಿಂದುಸಾಂದ್ರತೆಯ ಆಯ್ಕೆ ಮತ್ತು ಧೂಳಿನ ನಿವಾರಣೆ

ಕಾಗದದ ಮೇಲಣ ಚಿತ್ರವನ್ನು ಸ್ಕ್ಯಾನರು ಅದರಿಂದ ಹಿಂತಿರುಗಿ ಬಂದ ಬೆಳಕಿನಿಂದ ಓದುತ್ತದೆ. ನೆಗೆಟಿವಾಗಲಿ ಸ್ಲೈಡಾಗಲಿ ಬೆಳಕನ್ನು ತನ್ನ ಮೂಲಕ ಹಾಯಗೊಡುವಂಥದು. ಆದುದರಿಂದ ಅದಕ್ಕೆ ಹಿಂದಿನಿಂದ ಬೆಳಕು ಬೇಕು. ಕೆಲವು ಸಪಾಟು ಸ್ಕ್ಯಾನರುಗಳ ಮುಚ್ಚಳದಲ್ಲಿ ಇದಕ್ಕಾಗಿಯೇ ಒಂದು ದೀಪವನ್ನು ಅಳವಡಿಸಿರುತ್ತಾರೆ. ಮುಚ್ಚಳದ ಒಳಮೈಗೆ ಹೊಂದಿಸಿರುವ ಬಿಳಿಯ ಹಲಗೆಯನ್ನು ಮೊದಲು ತೆಗೆಯತಕ್ಕದ್ದು. ಅದನ್ನು ಮರೆತರೆ ದೀಪದ ಬೆಳಕು ಫಿಲ್ಮನ್ನು ಮುಟ್ಟುವುದೇ ಇಲ್ಲ.

ಫಿಲ್ಮನ್ನು ಗಾಜಿನ ಮೇಲೆ ನೇರವಾಗಿ ಇಡಬಾರದು. ನುಣುಪಾದ ಎರಡು ಮೈಗಳು ಒಂದಕ್ಕೊಂದು ತಗುಲಿದ ಕಡೆ ನ್ಯೂಟನ್ ಉಂಗುರಗಳೆಂಬ ಬಳೆಯಾಕಾರದ ಗೆರೆಗಳು ಮೂಡುತ್ತವೆ. ಸ್ಕ್ಯಾನರಿನೊಡನೆ ಬರುವ ಚೌಕಟ್ಟು ಫಿಲ್ಮನ್ನು ಗಾಜಿನಿಂದ ತುಸು ಎತ್ತರದಲ್ಲಿ ಹಿಡಿಯುತ್ತದೆ. ಚೌಕಟ್ಟಿನ ಒಂದು ತುದಿಯಲ್ಲಿರುವ ತೆರಪನ್ನು ಮಾತ್ರ ಏನೂ ಅಡ್ಡವಾಗದಂತೆ ಬಿಡಬೇಕು. ಯಂತ್ರವು ಪ್ರತಿ ಸಲವೂ ಮೊದಲು ಅಲ್ಲಿಯ ಬರಿಯ ಬೆಳಕನ್ನು ಅಳೆದು, ಅದಕ್ಕೆ ಅನುಗುಣವಾಗಿ ತನ್ನನ್ನು ಸರಿಪಡಿಸಿಕೊಳ್ಳುತ್ತದೆ.

ಇನ್ನು ಬಿಂದುಸಾಂದ್ರತೆಯ ವಿಚಾರ. ಸಂಘವೊಂದು ತನ್ನ ಹಳೆಯ ನಾಟಕದ ಕಪ್ಪುಬಿಳುಪು ನೆಗೆಟಿವೊಂದನ್ನು ಸ್ಮರಣಸಂಚಿಕೆಗೆ ಬಳಸಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಚಿತ್ರದ ಅಳತೆ 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ. ಅಂಗುಲಕ್ಕೆ 2400 ಬಿಂದುಗಳಂತೆ ಓದಿದರೆ ಉದ್ದಕ್ಕೆ ಸುಮಾರು 3400, ಅಗಲಕ್ಕೆ ಸುಮಾರು 2270 ಬಿಂದುಗಳು ದೊರೆಯುತ್ತವೆ. ಅಚ್ಚಿನಲ್ಲಿ ಅಂಗುಲಕ್ಕೆ 300 ಬಿಂದುಗಳನ್ನು ಕೊಟ್ಟರೆ ಹನ್ನೊಂದು ಅಂಗುಲಕ್ಕೂ ಮಿಗಿಲಾದ ಚಿತ್ರವಾಯಿತು. ಸಂಚಿಕೆಯ ಪುಟಕ್ಕೆ ಇದು ಧಾರಾಳವಾಗಿ ಸಾಕು. 16 ಬಿಟ್ಟುಗಳ ಬೂದುಛಾಯೆಯಲ್ಲಿ ಕಡತದ ಗಾತ್ರ ಸುಮಾರು 15 ಮೆಗಾಬೈಟು. ಇದನ್ನೇ 4800ಕ್ಕೆ ಏರಿಸಿದರೆ ಗಾತ್ರ ನಾಲ್ಕು ಮಡಿಯಾಗಿ 62ರ ಸಮೀಪಕ್ಕೆ ಹೋಗುತ್ತದೆ.

ಗಾತ್ರದೊಡನೆ ವಿವರವೂ ನಾಲ್ಕು ಮಡಿಯಾಗುವುದೇ ಎಂದರೆ, ಆಗುವುದಿಲ್ಲ. ಯಂತ್ರದ ಮೇಲೆ 4800, 6400 ಎಂದು ಬರೆದಿರುವುದು ಅದು ಎಷ್ಟು ಬಿಂದುಗಳನ್ನು ಎಣಿಸಬಲ್ಲದೆಂಬುದನ್ನು ಹೇಳುತ್ತದೆಯೇ ಹೊರತು, ಅದರ ಮಸೂರ ಎಷ್ಟು ವಿವರವನ್ನು ಬೇರ್ಪಡಿಸಬಲ್ಲದೆಂಬುದನ್ನಲ್ಲ. ಇಂತಹ ಸಪಾಟು ಸ್ಕ್ಯಾನರುಗಳಲ್ಲಿ ಹೆಚ್ಚಿನವು ಫಿಲ್ಮಿನಿಂದ ನಿಜವಾಗಿ ಎತ್ತುವುದು ಅಂಗುಲಕ್ಕೆ 1500ರಿಂದ 2300 ಬಿಂದುಗಳಷ್ಟು ವಿವರವನ್ನು ಮಾತ್ರ. ಇದನ್ನು ಯಾರೂ ಪರೀಕ್ಷಿಸಿ ನೋಡಬಹುದು. ಒಂದು ನೆಗೆಟಿವನ್ನು 4800ರಲ್ಲಿ ಓದಿಸಿ, ಅದರ ಪ್ರತಿಯೊಂದನ್ನು 2400ಕ್ಕೆ ಇಳಿಸಿ, ಮತ್ತೆ ಮೊದಲಿನ ಅಳತೆಗೆ ಹಿಗ್ಗಿಸಿ, ಎರಡನ್ನೂ ಪಕ್ಕಪಕ್ಕದಲ್ಲಿರಿಸಿ ಕೂದಲೆಳೆ, ಸೀರೆಯ ಅಂಚು ಮುಂತಾದವನ್ನು ಹೋಲಿಸಬೇಕು. ವ್ಯತ್ಯಾಸ ಕಾಣದಿದ್ದರೆ 2400ರ ಮೇಲೆ ಹೋಗುವುದು ಬರಿಯ ಭಾರ. ಎರಡೂ ಮಸುಕಾಗಿದ್ದರೆ ಮಾತ್ರ ದೋಷವನ್ನು ಚೌಕಟ್ಟಿನ ಎತ್ತರದಲ್ಲಿ ಹುಡುಕಬೇಕು. ಅದರಡಿಗೆ ತೆಳುವಾದ ರಟ್ಟಿನ ಚೂರುಗಳನ್ನು ಒಂದೊಂದಾಗಿ ಸೇರಿಸುತ್ತ ಎಲ್ಲಿ ಚಿತ್ರ ಅತ್ಯಂತ ಸ್ಫುಟವಾಗುವುದೋ ಅಲ್ಲಿ ನಿಲ್ಲಿಸಬೇಕು.

ಧೂಳು ಇದಕ್ಕಿಂತ ಹೆಚ್ಚು ಕಾಡುವ ವಿಷಯ. ಮೇಲೆ ಹೇಳಿದ ಚಿತ್ರ ಅಚ್ಚಿನಲ್ಲಿ ಎಂಟು ಪಟ್ಟು ಹಿಗ್ಗಿದರೆ ಅದರ ಮೇಲಿನ ಕಣವೂ ಎಂಟು ಪಟ್ಟು ಹಿಗ್ಗುತ್ತದೆ. ಕಣವು ಎಲ್ಲಿ ಕುಳಿತಿದೆಯೆಂಬುದನ್ನು ಕಲೆಯೇ ಹೇಳುತ್ತದೆ. ನೆಗೆಟಿವಿನ ಮೇಲಣ ಧೂಳು ಬೆಳಕನ್ನು ತಡೆಯುವುದರಿಂದ ತಿರುಗಿಸಿದ ಚಿತ್ರದಲ್ಲಿ ಬಿಳಿಯ ಚುಕ್ಕೆಯಾಗುತ್ತದೆ. ಸ್ಲೈಡಿನಲ್ಲಿಯಾದರೋ ಕಪ್ಪಾಗಿಯೇ ಉಳಿಯುತ್ತದೆ. ಫಿಲ್ಮನ್ನು ಬದಲಿಸಿದರೂ ಅದೇ ಸ್ಥಳದಲ್ಲಿ ಮಸುಕಾದ ಕಲೆ ಕಂಡರೆ ಧೂಳಿರುವುದು ಗಾಜಿನ ಮೇಲೆ. ಚಿತ್ರದ ಉದ್ದಕ್ಕೂ ಒಂದೇ ನೇರವಾದ ಗೆರೆ ಹಾದಿದ್ದರೆ, ಬೆಳಕನ್ನು ಅಳೆಯುವ ಆ ತೆರಪಿನಲ್ಲಿ ಕಣ ಕುಳಿತಿರಬಹುದು.

ನಿವಾರಣೆಗೂ ಒಂದು ಕ್ರಮವುಂಟು. ಫ್ಯಾನನ್ನು ನಿಲ್ಲಿಸಿ, ಗಾಜಿನ ಮೇಲ್ಮೈಯನ್ನು ನವಿರಾದ ಬಟ್ಟೆಯಿಂದ ಒರೆಸಿ, ಫಿಲ್ಮನ್ನು ಅಂಚಿನಲ್ಲಿ ಹಿಡಿದು ರಬ್ಬರ್ ಬುರುಡೆಯಿಂದ ಗಾಳಿಯೂದಬೇಕು. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ. ಒಣ ಹವೆಯಲ್ಲಿ ಬಟ್ಟೆಯಿಂದ ಉಜ್ಜಿದ ಫಿಲ್ಮು ವಿದ್ಯುದಾವೇಶವನ್ನು ಪಡೆದು ಹೊಸ ಧೂಳನ್ನು ಸೆಳೆದುಕೊಳ್ಳುತ್ತದೆ. ಮುಂಬಯಿಯ ಮಳೆಗಾಲವನ್ನು ಹಲವು ಸಲ ಕಂಡ ನೆಗೆಟಿವಿನಲ್ಲಿ ಕಾಣುವ ಬಲೆಯಂತಹ ಗುರುತು ಧೂಳಲ್ಲ, ಬೂಷ್ಟು. ಅದು ಜೆಲಾಟಿನ್ ಲೇಪವನ್ನು ತಿಂದು ನೀರಿನಲ್ಲಿ ಕರಗುವಂತೆ ಮಾಡಿರುತ್ತದೆ. ನೀರು ತಗುಲಿದರೆ ಚಿತ್ರವೇ ಅಳಿಸಿಹೋದೀತು.

ಕೆಲವು ಯಂತ್ರಗಳು ಕಣ್ಣಿಗೆ ಕಾಣದ ಅವಕೆಂಪು ಕಿರಣದಿಂದ ಧೂಳನ್ನು ಗುರುತಿಸಿ ತಾವೇ ಅಳಿಸುತ್ತವೆ. ಬಣ್ಣದ ಫಿಲ್ಮಿನ ವರ್ಣದ್ರವ್ಯಗಳು ಆ ಕಿರಣವನ್ನು ಹಾಯಗೊಡುತ್ತವೆ, ಧೂಳು ತಡೆಯುತ್ತದೆ. ಆದುದರಿಂದ ಅಲ್ಲಿ ಈ ಉಪಾಯ ಫಲಿಸುತ್ತದೆ. ಸಾಮಾನ್ಯ ಕಪ್ಪುಬಿಳುಪು ಫಿಲ್ಮಿನ ಚಿತ್ರ ಬೆಳ್ಳಿಯ ಕಣಗಳಿಂದಾದುದು. ಬೆಳ್ಳಿಯೂ ಆ ಕಿರಣವನ್ನು ತಡೆಯುವುದರಿಂದ ಯಂತ್ರವು ಮುಖದ ರೇಖೆಗಳನ್ನೇ ಧೂಳೆಂದು ಬಗೆದು ಕಲಸಿಬಿಡುತ್ತದೆ. ನಾಟಕದ ಆ ನೆಗೆಟಿವಿಗೆ ಈ ಸೌಲಭ್ಯವನ್ನು ನಿಲ್ಲಿಸಿಯೇ ಓದಿಸಿ, ಉಳಿದ ಚುಕ್ಕೆಗಳನ್ನು ಕಡತದ ಪ್ರತಿಯೊಂದರಲ್ಲಿ ಕೈಯಿಂದ ತಿದ್ದಬೇಕು. ತಿದ್ದದ ಮೂಲ ಕಡತವನ್ನು ಬೇರೆಯಾಗಿ ಕಾಪಾಡಬೇಕು.